ವರ್ಷವರ್ಷವೂ ಬಾಡಿಗೆ ಕೇಳುವ ಹೆಸರು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಧ್ಯಾಹ್ನ ಎರಡು ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕಿಕೊಂಡಾಗ ಹನ್ನೆರಡೂವರೆ. ದಿನಾ ಆ ಹೊತ್ತಿಗೆ ವೆರಿಸೈನ್ ಎಂಬ ಕಂಪನಿ ತನ್ನ ದಾಖಲೆಯಿಂದ ಸಾವಿರಾರು ಹೆಸರುಗಳನ್ನು ಅಳಿಸಲು ಶುರುಮಾಡುತ್ತದೆ. ಜಗತ್ತಿನ ಎಲ್ಲ `.com` ವಿಳಾಸಗಳ ಮೂಲ ಪಟ್ಟಿ ಇರುವುದು ಈ ಕಂಪನಿಯ ಬಳಿ. ಅಳಿದ ಹೆಸರು ಮರುಕ್ಷಣವೇ ಮತ್ತೆ ಮಾರುಕಟ್ಟೆಗೆ ಬರುತ್ತದೆ, ಮೊದಲು ಕೇಳಿದವರಿಗೆ ಮೊದಲು. ಚೆನ್ನಾಗಿರುವ ಹೆಸರಿಗಾಗಿ ಹತ್ತಾರು ಕಂಪ್ಯೂಟರ್‌ಗಳು ಸೆಕೆಂಡಿನ ಸಣ್ಣ ಪಾಲಿನೊಳಗೆ ಮುಗಿಬೀಳುತ್ತವೆ. ಉಳಿದ ಬಹುಪಾಲು ಹೆಸರುಗಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ.

ಈ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿದರೆ ಡೊಮೇನ್ ವ್ಯಾಪಾರದ ಅರ್ಧ ಕತೆ ತಿಳಿದುಬಿಡುತ್ತದೆ. ಮುಚ್ಚಿಹೋದ ಅಂಗಡಿಗಳ ಹೆಸರು, ಮುಗಿದುಹೋದ ಮದುವೆಗಳ ಹೆಸರು ಅಲ್ಲಿ ಇರುತ್ತವೆ, ನಿಜ. ಆದರೆ ಅವುಗಳ ನಡುವೆ ಇನ್ನೊಂದು ಜಾತಿಯ ಹೆಸರುಗಳೂ ಧಾರಾಳವಾಗಿ ಕಾಣುತ್ತವೆ: ಎಂದೂ ಒಂದು ಪುಟವನ್ನೂ ತೋರಿಸದ, ಮಾರುವುದಕ್ಕೆಂದೇ ಯಾರೋ ಕೊಂಡು, ಒಂದೆರಡು ವರ್ಷ ಕಾದು, ಬೇಸತ್ತು ಬಿಟ್ಟ ಹೆಸರುಗಳು. ಒಟ್ಟು `.com` ಹೆಸರುಗಳಲ್ಲಿ ಅವಧಿ ಮುಗಿದಾಗ ನವೀಕರಣವಾಗುವುದು ನಾಲ್ಕರಲ್ಲಿ ಮೂರರ ಆಸುಪಾಸು ಮಾತ್ರ.

ಹಾಗೆ ಬಿಡುವುದು ಯಾಕೆ ಎಂದು ತಿಳಿಯಬೇಕಾದರೆ ಡೊಮೇನ್ ಹೆಸರನ್ನು ‘ಕೊಳ್ಳುವುದು’ ಎಂದರೇನು ಎಂಬುದನ್ನು ನೋಡಬೇಕು. ನಿಜದಲ್ಲಿ ಇಲ್ಲಿ ಕೊಳ್ಳುವುದು ಎಂಬುದೇ ಇಲ್ಲ. ಇರುವುದು ವರ್ಷದ ಲೆಕ್ಕದ ಬಾಡಿಗೆ, ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ. 1995ರ ಸೆಪ್ಟೆಂಬರ್‌ವರೆಗೆ ಇದೂ ಇರಲಿಲ್ಲ, ಹೆಸರು ಪುಕ್ಕಟೆ. ಆಮೇಲೆ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಸಂಸ್ಥೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಹಾಕಿತು. 1999ರಿಂದ ಬೇರೆ ರಿಜಿಸ್ಟ್ರಾರ್‌ಗಳೂ ಕಣಕ್ಕಿಳಿದು ದರ ಇಳಿಯಿತು. 2024ರ ಸೆಪ್ಟೆಂಬರ್‌ನಿಂದ ವೆರಿಸೈನ್ ಪ್ರತಿ `.com` ಹೆಸರಿಗೆ ರಿಜಿಸ್ಟ್ರಾರ್‌ಗಳಿಂದ ವರ್ಷಕ್ಕೆ 10.26 ಡಾಲರ್ ತೆಗೆದುಕೊಳ್ಳುತ್ತಿದೆ. ಅದರ ಮೇಲೆ ರಿಜಿಸ್ಟ್ರಾರ್‌ನ ಲಾಭ, ಜಿಎಸ್‌ಟಿ ಎಲ್ಲ ಸೇರಿ ನಮ್ಮ ಕೈಗೆ ಬರುವಾಗ ಒಂದು ಸಾವಿರ ರೂಪಾಯಿಯ ಮೇಲಾಗುತ್ತದೆ. ಮೊದಲ ವರ್ಷಕ್ಕೆ ನೂರು, ಇನ್ನೂರು ರೂಪಾಯಿ ಎಂಬ ಜಾಹೀರಾತು ನೋಡಿ ಇಪ್ಪತ್ತು ಹೆಸರು ಕೊಂಡವರಿಗೆ ಎರಡನೆಯ ವರ್ಷದ ಬಿಲ್ಲು ಬಂದಾಗಲೇ ಇದರ ಅಸಲಿ ದರ ತಿಳಿಯುವುದು.

ಬಾಡಿಗೆ ಕಟ್ಟದಿದ್ದರೆ ಹೆಸರು ಕೂಡಲೇ ಹೋಗುವುದಿಲ್ಲ. ರಿಜಿಸ್ಟ್ರಾರ್ ಹೆಚ್ಚೆಂದರೆ 45 ದಿನ ಕಾಯಬಹುದು. ಈ ಅವಧಿಯಲ್ಲೇ ಒಳ್ಳೆಯ ಹೆಸರುಗಳನ್ನು ಹರಾಜಿಗೆ ಹಾಕುವವರೂ ಇದ್ದಾರೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಕೊನೆಯ ಐದು ದಿನ ದಾಖಲೆಯಲ್ಲಿ `pendingDelete` ಎಂದು ಕಾಣಿಸುತ್ತದೆ. ಆ ಐದು ದಿನ ಹಳೆಯ ಒಡೆಯನೂ ಏನೂ ಮಾಡುವಂತಿಲ್ಲ.

ಇಷ್ಟಿದ್ದೂ ಜನ ಇದಕ್ಕೆ ಕೈಹಾಕುವುದು ಯಾಕೆ ಎಂದರೆ ಕಿವಿಗೆ ಬೀಳುವ ದೊಡ್ಡ ಮೊತ್ತಗಳಿಂದ. 2019ರಲ್ಲಿ ಮೈಕ್ರೋಸ್ಟ್ರಾಟಜಿ ಕಂಪನಿ `voice.com` ಎಂಬ ಒಂದೇ ಹೆಸರನ್ನು ಬ್ಲಾಕ್.ಒನ್ ಎಂಬ ಕಂಪನಿಗೆ 3 ಕೋಟಿ ಡಾಲರ್‌ಗೆ ಮಾರಿತು. ಬರೀ ಹೆಸರು, ಅದರ ಜೊತೆ ಅಂಗಡಿಯೂ ಇಲ್ಲ, ಸರಕೂ ಇಲ್ಲ. 2005ರಲ್ಲಿ `thefacebook.com` ಎಂದು ನಡೆಯುತ್ತಿದ್ದ ತಾಣ ಮುಂದಿನ ‘ದ’ ಕಿತ್ತುಹಾಕಲು 2 ಲಕ್ಷ ಡಾಲರ್ ಕೊಟ್ಟು `facebook.com` ಕೊಂಡಿತು. ಟೆಸ್ಲಾ ಕಂಪನಿ ವರ್ಷಗಟ್ಟಲೆ `teslamotors.com` ಎಂಬ ವಿಳಾಸದಲ್ಲೇ ಇತ್ತು. `tesla.com` ಅದರ ಕೈಗೆ ಬಂದದ್ದು 2016ರಲ್ಲಿ. ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, 1.1 ಕೋಟಿ ಡಾಲರ್ ಆಯಿತು ಎಂದು ಎಲಾನ್ ಮಸ್ಕ್ 2018ರಲ್ಲಿ ತಾವೇ ಟ್ವೀಟ್ ಮಾಡಿದರು.

ಈ ಕತೆಗಳಲ್ಲಿ ಜನರ ಕಣ್ಣಿಗೆ ಬೀಳುವುದು ಮೊತ್ತ. ನೋಡಬೇಕಾದ್ದು ಕೊಂಡವರನ್ನು. ಫೇಸ್‌ಬುಕ್, ಟೆಸ್ಲಾ ಎರಡೂ ಅದಾಗಲೇ ಆ ಹೆಸರಿನಲ್ಲಿ ವ್ಯವಹಾರ ಮಾಡುತ್ತಿದ್ದವು. ಜನರು ಕರೆಯುವ ಹೆಸರು ಒಂದು, ವಿಳಾಸ ಇನ್ನೊಂದು ಎಂಬ ತೊಂದರೆ ಅವರಿಗಿತ್ತು. ಆ ತೊಂದರೆಯನ್ನು ಹಣ ಕೊಟ್ಟು ಕಳೆದುಕೊಳ್ಳುವ ಶಕ್ತಿಯೂ ಇತ್ತು. ಬೇರೆ ಯಾವ ಹೆಸರು ಕೊಟ್ಟಿದ್ದರೂ ಅವರಿಗೆ ಪ್ರಯೋಜನವಿರಲಿಲ್ಲ.

ಡೊಮೇನ್ ಮಾರುವವರು ತಮ್ಮ ಸರಕನ್ನು ‘ಡಿಜಿಟಲ್ ಸೈಟು’ ಎಂದು ಕರೆಯುವುದುಂಟು. ಈ ಹೋಲಿಕೆ ಹೊಸಬರನ್ನು ದಾರಿ ತಪ್ಪಿಸಿದಷ್ಟು ಬೇರೆ ಯಾವುದೂ ತಪ್ಪಿಸಿಲ್ಲ. ಯಲಹಂಕದಲ್ಲಿ ಒಂದು ಸೈಟಿದ್ದರೆ ಅದನ್ನು ಕೊಳ್ಳಬಲ್ಲವರು ಸಾವಿರಾರು ಜನ. ಪಕ್ಕದ ಸೈಟಿಗೆ ಬೆಲೆ ಬಂದರೆ ಇದಕ್ಕೂ ಬರುತ್ತದೆ. ಡೊಮೇನ್‌ಗೆ ಪಕ್ಕದ ಸೈಟು ಎಂಬುದಿಲ್ಲ. `voice.com` 3 ಕೋಟಿ ಡಾಲರ್‌ಗೆ ಹೋಯಿತೆಂದು ಅದಕ್ಕೊಂದು ಪದ ಸೇರಿಸಿದ ಹೆಸರಿಗೆ ಮೂರು ರೂಪಾಯಿಯೂ ಹೆಚ್ಚು ಬರುವುದಿಲ್ಲ.

ಒಂದು ಹೆಸರನ್ನು ಹಿಡಿದು ನೋಡೋಣ. ದಾವಣಗೆರೆಯ ಯಾರಿಗೋ ಒಂದು ರಾತ್ರಿ `davangerebennedosehotel.com` ಎಂಬ ಹೆಸರು ಹೊಳೆಯಿತು ಎಂದುಕೊಳ್ಳಿ. ಖಾಲಿ ಇದೆ, ಸಾವಿರ ರೂಪಾಯಿ. ಬೆಣ್ಣೆ ದೋಸೆಗೆ ಬೆಂಗಳೂರಿನ ಬೀದಿಬೀದಿಯಲ್ಲಿ ಬೇಡಿಕೆ ಇದೆ, ಆ ಬೋರ್ಡಿನ ಹೋಟೆಲುಗಳು ಎಣಿಸಲಾರದಷ್ಟಿವೆ. ಯಾರಾದರೊಬ್ಬರು ಐವತ್ತು ಸಾವಿರ ಕೊಡಲಾರರೇ?

ಮೊದಲು ಆ ಹೆಸರನ್ನು ಫೋನಿನಲ್ಲಿ ಹೇಳಿ, ಆಚೆಯವರು ಇಂಗ್ಲಿಷಿನಲ್ಲಿ ಟೈಪ್ ಮಾಡಲಿ. ಈ ವ್ಯಾಪಾರದವರು ಇದನ್ನು ರೇಡಿಯೋ ಪರೀಕ್ಷೆ ಎನ್ನುತ್ತಾರೆ: ಕಿವಿಯಲ್ಲಿ ಕೇಳಿದ್ದನ್ನು ಕೈ ತಪ್ಪದೆ ಬರೆಯಬೇಕು. ಇಲ್ಲಿ ಊರಿನ ಹೆಸರನ್ನೇ `davangere`, `davanagere` ಎಂದು ಎರಡು ಬಗೆಯಲ್ಲಿ ಬರೆಯುತ್ತಾರೆ. ಬೆಣ್ಣೆಗೆ ಒಂದು `n` ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ದೋಸೆಯಂತೂ `dose`, `dosa`, `dosey` ಎಂದು ಮೂರು ರೂಪದಲ್ಲಿದೆ. ಎರಡು, ಎರಡು, ಮೂರು ಗುಣಿಸಿದರೆ ಹನ್ನೆರಡು ಹೆಸರು. ನಮ್ಮವರ ಬಳಿ ಇರುವುದು ಅದರಲ್ಲಿ ಒಂದು, ಉಳಿದ ಹನ್ನೊಂದು ಯಾರಿಗೆ ಬೇಕಾದರೂ ಸಾವಿರಕ್ಕೆ ಸಿಗಬಹುದು. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಚ್ಚುಕಡಿಮೆ ಎಲ್ಲ ಡೊಮೇನ್‌ಗಳಿಗೂ ಇರುವ ರೋಗ ಇದು.

ಎರಡನೆಯದು, ಕೊಳ್ಳುವವನ ಕಡೆಯಿಂದ ನೋಡಿ. ದೋಸೆ ಹೋಟೆಲಿನವರಿಗೆ ಗಿರಾಕಿ ಬರುವುದು ರಸ್ತೆಯಿಂದ, ಗೂಗಲ್ ಮ್ಯಾಪಿನಿಂದ, ಇನ್‌ಸ್ಟಾಗ್ರಾಮಿನ ವಿಡಿಯೋದಿಂದ, ಊಟ ತಂದುಕೊಡುವ ಆ್ಯಪ್‌ಗಳಿಂದ. ವೆಬ್‌ಸೈಟು ಇದ್ದರೂ ಅದರಿಂದ ಒಂದು ದೋಸೆ ಹೆಚ್ಚು ಮಾರಾಟವಾಗುವುದು ಕಷ್ಟ. ಐವತ್ತು ಸಾವಿರಕ್ಕೆ ಅವರು ಇನ್ನೊಂದು ಕಾವಲಿ ಹಾಕಿಸುತ್ತಾರೆ, ಅದು ಬುದ್ಧಿವಂತಿಕೆಯೂ ಹೌದು. ಇನ್ನು ಒಂದು ದೊಡ್ಡ ಸರಣಿ ಹೋಟೆಲು ಬಂತೆಂದೇ ಇಟ್ಟುಕೊಳ್ಳಿ. ಅದಕ್ಕೆ ತನ್ನದೇ ಬ್ರ್ಯಾಂಡ್ ಹೆಸರು ಬೇಕೇ ಹೊರತು ಎಲ್ಲರೂ ಬೋರ್ಡಿಗೆ ಹಾಕುವ ಪದಗಳ ಸರಮಾಲೆ ಬೇಡ.

ಮೂರನೆಯದು, ಬೇಡವೆಂದರೆ ಅವರಿಗೆ ಬೇರೇನು ಸಿಗುತ್ತದೆ? ಕೊನೆಯಲ್ಲಿ `.in` ಹಾಕಿದರೆ ಕೆಲವು ನೂರು ರೂಪಾಯಿಗೆ ಅದೇ ಹೆಸರು. 2005ರಿಂದ `.in` ಎಲ್ಲರಿಗೂ ಮುಕ್ತವಾಗಿದೆ, ನಮ್ಮ ಗ್ರಾಹಕರಿಗೆ ಅದು ಚೆನ್ನಾಗಿ ಒಗ್ಗಿದೆ. ‘ಹೋಟೆಲ್’ ಬಿಟ್ಟು ‘ಕೆಫೆ’ ಹಾಕಬಹುದು, ಮುಂದೆ ‘ಶ್ರೀ’ ಸೇರಿಸಬಹುದು. ಮಾರುವವನು ಹೇಳಿದ ಬೆಲೆ ಎಷ್ಟೇ ಇರಲಿ, ಕೊಳ್ಳುವವನು ಈ ಬದಲಿಯ ಬೆಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾತಾಡುತ್ತಾನೆ. ಹೆಸರು ಉದ್ದವಾದಷ್ಟೂ ಬದಲಿಗಳು ಹೆಚ್ಚು. ಒಂದೇ ಇಂಗ್ಲಿಷ್ ಪದದ `.com`ಗೆ ಅಷ್ಟು ಬೆಲೆ ಬರುವುದು ಅದಕ್ಕೆ ಬದಲಿಯೇ ಇಲ್ಲದ್ದರಿಂದ.

ಇದೇ ಪ್ರಶ್ನೆಗಳನ್ನು ಕೂರ್ಗ್ ಮತ್ತು ಹೋಮ್‌ಸ್ಟೇ ಎಂಬ ಎರಡು ಪದ ಸೇರಿದ ಹೆಸರಿಗೆ ಕೇಳಿ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ. ಜನ ಗೂಗಲ್‌ನಲ್ಲಿ ಹುಡುಕುವುದೂ ಅದೇ ಪದಗಳನ್ನು. ಒಂದು ಕುಟುಂಬ ಎರಡು ರಾತ್ರಿ ತಂಗಿದರೆ ಸಾವಿರಾರು ರೂಪಾಯಿಯ ವ್ಯವಹಾರ, ಹಾಗಾಗಿ ವರ್ಷಕ್ಕೆ ಹತ್ತು ಬುಕಿಂಗ್ ನೇರವಾಗಿ ಬಂದರೂ ಆ್ಯಪ್‌ಗಳಿಗೆ ಕೊಡುವ ಕಮಿಷನ್ ಉಳಿಯುತ್ತದೆ. ಕೊಳ್ಳಬಲ್ಲ ಮಾಲೀಕರೂ ನೂರಾರು. ಇದು ನಿಜಕ್ಕೂ ಮಾರಾಟವಾಗಬಲ್ಲ ಹೆಸರು. ಇಂಥ ಹೆಸರು ಇವತ್ತು ಸಾವಿರ ರೂಪಾಯಿಗೆ ಖಾಲಿ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಮೂರಕ್ಷರದ `.com` ಹೆಸರುಗಳು 17,576 ಇವೆ, ನಾಲ್ಕಕ್ಷರದವು 4,56,976. ಕೊನೆಯ ನಾಲ್ಕಕ್ಷರದ ಹೆಸರೂ 2013ರ ವೇಳೆಗೆ ನೋಂದಣಿಯಾಗಿತ್ತು. ನಿಘಂಟಿನ ಪದಗಳು ಅದಕ್ಕೂ ಬಹಳ ಮೊದಲೇ ಮುಗಿದಿದ್ದವು. ಮೂವತ್ತು ವರ್ಷದಿಂದ ಜನ ಹುಡುಕಿ ಹುಡುಕಿ ಬಿಟ್ಟ ಮೇಲೆ ಒಂದು ಹೆಸರು ಇನ್ನೂ ಖಾಲಿ ಇದೆ ಎಂದರೆ ನಮ್ಮ ಅದೃಷ್ಟಕ್ಕೆ ಉಳಿದಿದೆ ಎನ್ನುವ ಬದಲು, ಇಷ್ಟು ಜನ ಯಾಕೆ ಮುಟ್ಟಲಿಲ್ಲ ಎಂದು ಕೇಳಿಕೊಳ್ಳುವುದು ಲೇಸು.

ಬೆಲೆ ಕಟ್ಟಲು ಸಲಕರಣೆಗಳಿವೆ. ನೇಮ್‌ಬಯೊ ಎಂಬ ತಾಣದಲ್ಲಿ ಬಹಿರಂಗವಾದ ಹಳೆಯ ಮಾರಾಟಗಳ ದಾಖಲೆ ಸಿಗುತ್ತದೆ. ಅದೇ ಪದ, ಅದೇ ಕೊನೆ, ಅದೇ ಉದ್ದದ ಹೆಸರು ಎಷ್ಟಕ್ಕೆ ಹೋಗಿತ್ತು ಎಂದು ನೋಡಬಹುದು. ಉಪಯುಕ್ತವೇ, ಆದರೆ ಅಲ್ಲಿರುವುದು ಮಾರಾಟವಾದವು ಮಾತ್ರ. ಅಂಥದ್ದೇ ಹೆಸರಿಟ್ಟುಕೊಂಡು ಹತ್ತು ವರ್ಷ ಕೂತು ಕೊನೆಗೆ ಬಿಟ್ಟವರ ದಾಖಲೆ ಎಲ್ಲೂ ಇಲ್ಲ. ರಿಜಿಸ್ಟ್ರಾರ್‌ಗಳ ತಾಣದಲ್ಲಿ ಹೆಸರು ಹಾಕಿದ ಕೂಡಲೇ ಇಷ್ಟು ಡಾಲರ್ ಎಂದು ಹೇಳುವ ಯಂತ್ರಗಳೂ ಇವೆ. ಅವು ನೋಡುವುದು ಪದ, ಉದ್ದ ಮತ್ತು ಹಿಂದಿನ ಮಾರಾಟಗಳನ್ನು. ಕೊಳ್ಳುವವನು ಇದ್ದಾನೋ ಇಲ್ಲವೋ ಎಂಬುದು ಅವಕ್ಕೆ ಕಾಣುವುದಿಲ್ಲ. ಒಂದೂವರೆ ಸಾವಿರ ಡಾಲರ್ ಎಂದು ಯಂತ್ರ ಹೇಳಿದ ಹೆಸರನ್ನು ಇನ್ನೊಬ್ಬ ಡೊಮೇನ್ ವ್ಯಾಪಾರಿಗೆ ತೋರಿಸಿ, ಐವತ್ತು ಡಾಲರ್‌ಗೆ ಕೊಳ್ಳುತ್ತೀರಾ ಎಂದು ಕೇಳಿದರೆ ಬರುವ ಉತ್ತರವೇ ಹೆಚ್ಚು ನಂಬುವಂಥದ್ದು. ವ್ಯಾಪಾರಿಗಳ ನಡುವಿನ ಬೆಲೆ, ಬಳಸುವವನು ಕೊಡುವ ಬೆಲೆಯ ಒಂದು ಸಣ್ಣ ಪಾಲಷ್ಟೇ. ತುರ್ತಾಗಿ ದುಡ್ಡು ಬೇಕಾದಾಗ ಸಿಗುವುದು ಆ ಸಣ್ಣ ಪಾಲೇ.

ಅನುಭವಸ್ಥರು ಯಂತ್ರಕ್ಕಿಂತ ಹೆಚ್ಚು ನೆಚ್ಚುವುದು ಒಂದು ಮಂಕಾದ ಕೆಲಸವನ್ನು. ಆ ಪದ ಇರುವ ಕಂಪನಿಗಳನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ, ಇಂಡಿಯಾಮಾರ್ಟ್‌ನಲ್ಲಿ ಹುಡುಕಿ ಪಟ್ಟಿ ಮಾಡುತ್ತಾರೆ. ಅವರು ಈಗ ಯಾವ ವಿಳಾಸದಲ್ಲಿದ್ದಾರೆ, ನಡುವೆ ಅಡ್ಡಗೆರೆ ಇದೆಯೇ, ಹಿಂದೆ ಬಾಲದಂತೆ ‘ಇಂಡಿಯಾ’ ಸೇರಿಸಿಕೊಂಡಿದ್ದಾರೆಯೇ, ಇಮೇಲ್ ಇನ್ನೂ ಜಿಮೇಲ್‌ನಲ್ಲೇ ಇದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಹಳೆಯ ಹೆಸರಾದರೆ ವೇಬ್ಯಾಕ್ ಮಷಿನ್‌ನಲ್ಲಿ ಅದರ ಪೂರ್ವಾಶ್ರಮ ನೋಡುತ್ತಾರೆ. ಜೂಜಿನ ತಾಣವಾಗಿ ಕೆಟ್ಟ ಹೆಸರು ತಂದುಕೊಂಡದ್ದಾದರೆ ದೂರವಿಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಪಟ್ಟಿಯಲ್ಲಿ ಹತ್ತು ಕಂಪನಿಯೂ ಉಳಿಯದಿದ್ದರೆ ಕೊಳ್ಳುವುದಿಲ್ಲ.

ಹೀಗೆ ಆರಿಸಿ ಕೊಂಡ ಮೇಲೂ ಮಾರಾಟವಾಗುವುದು ಎಷ್ಟು? ಈ ವ್ಯಾಪಾರದಲ್ಲಿ ಬಾಯಿಂದ ಬಾಯಿಗೆ ಹರಿದುಬಂದಿರುವ ಅಂದಾಜು, ವರ್ಷಕ್ಕೆ ನೂರಕ್ಕೆ ಒಂದರಿಂದ ಎರಡು. ಸಾವಿರಾರು ಹೆಸರಿಟ್ಟುಕೊಂಡು ಚೆನ್ನಾಗಿ ನಡೆಸುವವರ ಲೆಕ್ಕವಿದು. ಕಾಗದದ ಮೇಲೆ ಇದು ಏನು ಹೇಳುತ್ತದೆ ಎಂದು ನೋಡೋಣ.

ನೂರು ಹೆಸರಿವೆ, ಒಂದೊಂದಕ್ಕೂ ವರ್ಷದ ಬಾಡಿಗೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ. ಆ ವರ್ಷ ಒಂದು ಹೆಸರು ಮಾರಾಟವಾಯಿತು. ಆ ಒಂದು ಹೆಸರು ಉಳಿದ ತೊಂಬತ್ತೊಂಬತ್ತರ ಬಾಡಿಗೆಯನ್ನೂ ಹೊರಬೇಕು, ಅಂದರೆ ಕೈಗೆ ಒಂದು ಲಕ್ಷ ಬಂದರೆ ಸರಿಸಮ. ಸೆಡೊ, ಆಫ್ಟರ್‌ನಿಕ್‌ನಂಥ ಮಾರಾಟ ತಾಣಗಳು ನೂರಕ್ಕೆ ಹದಿನೈದರಿಂದ ಇಪ್ಪತ್ತೈದರವರೆಗೆ ಕಮಿಷನ್ ಹಿಡಿಯುತ್ತವೆ. ಇಪ್ಪತ್ತು ಎಂದುಕೊಂಡರೆ ಮಾರಾಟದ ಬೆಲೆ ಒಂದೂಕಾಲು ಲಕ್ಷ ಇರಬೇಕು. ಸಾವಿರಕ್ಕೆ ಕೊಂಡ ಹೆಸರನ್ನು ಹತ್ತು ಸಾವಿರಕ್ಕೆ ಮಾರಿದೆ, ಹತ್ತು ಪಟ್ಟು ಲಾಭ ಎಂದು ಹಿಗ್ಗುವವರು ಮರೆಯುವ ಲೆಕ್ಕ ಇದು. ನಿಜದಲ್ಲಿ ಅವರು ಆ ವರ್ಷ ತೊಂಬತ್ತು ಸಾವಿರ ಕಳೆದುಕೊಂಡಿದ್ದಾರೆ, ಕಮಿಷನ್ ಬೇರೆ.

ಇದರಲ್ಲಿ ಅದೃಷ್ಟದ ಪಾಲೂ ದೊಡ್ಡದು. ನೂರಕ್ಕೆ ಒಂದು ಎಂದರೆ ವರ್ಷಕ್ಕೊಂದು ಖಚಿತ ಎಂದಲ್ಲ. ಪ್ರತಿ ಹೆಸರಿಗೂ ನೂರರಲ್ಲಿ ಒಂದು ಸಾಧ್ಯತೆಯಿದ್ದರೆ, ನೂರು ಹೆಸರಿಟ್ಟುಕೊಂಡರೂ ಇಡೀ ವರ್ಷ ಒಂದೂ ಮಾರಾಟವಾಗದೆ ಹೋಗುವ ಸಾಧ್ಯತೆ ನೂರಕ್ಕೆ 37ರಷ್ಟು. ಇಪ್ಪತ್ತು ಹೆಸರಿನ ಹೊಸಬನಿಗೆ ಅದು ನೂರಕ್ಕೆ 82. ಅವನು ಐದು ವರ್ಷ ಕಾದು ಒಂದು ಲಕ್ಷ ಬಾಡಿಗೆ ಕಟ್ಟಿದ ಮೇಲೂ ಮೂರನೇ ಒಂದಕ್ಕಿಂತ ಹೆಚ್ಚಿನ ಸಾಧ್ಯತೆ, ಒಂದೂ ಹೋಗಿರುವುದಿಲ್ಲ. ಒಂದೇ ಹೆಸರನ್ನು ತೆಗೆದುಕೊಂಡರೆ ಹತ್ತು ವರ್ಷದಲ್ಲಿ ಅದು ಮಾರಾಟವಾಗದಿರುವ ಸಾಧ್ಯತೆ ನೂರಕ್ಕೆ 90. ಹೆಸರು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಅದು ಬೇಕಾದವನು ಹನ್ನೊಂದನೆಯ ವರ್ಷ ಕಂಪನಿ ತೆರೆಯಬಹುದು, ಅಷ್ಟರಲ್ಲಿ ಇವನು ಬಾಡಿಗೆ ಕಟ್ಟುವುದನ್ನು ಬಿಟ್ಟಿರುತ್ತಾನೆ.

ಮೊದಲಿಗರು ಗೆದ್ದದ್ದು ಈ ಲೆಕ್ಕದ ಹೊರಗೆ ನಿಂತು. 1990ರ ದಶಕದಲ್ಲಿ ಕೊಂಡ ಒಂದು ಪದದ ಹೆಸರುಗಳಿಗೆ ವಿಚಾರಣೆ ತಾನಾಗಿ ಬರುತ್ತಿತ್ತು. ಜನ ಬ್ರೌಸರಿನಲ್ಲಿ ನೇರವಾಗಿ ಪದ ಟೈಪ್ ಮಾಡುತ್ತಿದ್ದುದರಿಂದ ಖಾಲಿ ಪುಟದ ಜಾಹೀರಾತಿನಿಂದಲೇ ಬಾಡಿಗೆ ಹುಟ್ಟುತ್ತಿತ್ತು. ಈಗ ಎಲ್ಲರೂ ಹುಡುಕುವುದು ಗೂಗಲ್‌ನಲ್ಲಿ, ಇಲ್ಲವೇ ಆ್ಯಪ್‌ನಲ್ಲಿ. ಸಾಧಾರಣ ಹೆಸರಿನ ಖಾಲಿ ಪುಟಕ್ಕೆ ಬರುವವರು ಯಂತ್ರಗಳು ಮಾತ್ರ.

ಗಾಳಿ ಬಂದಾಗ ತೂರಿಕೊಳ್ಳೋಣ ಎನ್ನುವವರೂ ಇದ್ದಾರೆ. 2015ರ ಕೊನೆಯಲ್ಲಿ ಚೀನಾದ ಹೂಡಿಕೆದಾರರು ಸ್ವರಾಕ್ಷರವೂ `v` ಅಕ್ಷರವೂ ಇಲ್ಲದ ನಾಲ್ಕಕ್ಷರದ `.com` ಹೆಸರುಗಳಿಗೆ ಮುಗಿಬಿದ್ದರು. ಕೆಲವೇ ತಿಂಗಳಲ್ಲಿ ಬೆಲೆ ಹಲವು ಪಟ್ಟು ಏರಿತು, 2016ರಲ್ಲಿ ಇಳಿಯಿತು. ಕೊಂಡವರಲ್ಲಿ ಹೆಚ್ಚಿನವರು ಬಳಸುವವರಲ್ಲ, ಇನ್ನೊಬ್ಬ ವ್ಯಾಪಾರಿಗೆ ಮಾರುವವರು. ಕೊನೆಯ ವ್ಯಾಪಾರಿಯ ಕೈಯಲ್ಲಿ ಅದು ನಿಂತಿತು. 2021ರ ಅಕ್ಟೋಬರ್ 28ರಂದು ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿದ ಮೇಲೆ ಆ ಪದ ಅಂಟಿಸಿದ ಹೆಸರುಗಳ ನೋಂದಣಿಗೆ ನೂಕುನುಗ್ಗಲು. ಸುದ್ದಿ ಓದಿ ಕೊಳ್ಳುವವನಿಗೆ ಒಂದು ತೊಡಕಿದೆ: ಅದೇ ಸುದ್ದಿಯನ್ನು ಅದೇ ಗಂಟೆಯಲ್ಲಿ ಲಕ್ಷ ಜನ ಓದಿರುತ್ತಾರೆ.

ಸುದ್ದಿ ಹಿಡಿದು ಕಂಪನಿಯ ಹೆಸರನ್ನೇ ಕೊಂಡರೆ ಅದು ಇನ್ನೊಂದು ಬಗೆಯ ಅಪಾಯ. ಜಿಯೊ ಮತ್ತು ಹಾಟ್‌ಸ್ಟಾರ್ ಒಂದಾಗಲಿವೆ ಎಂಬ ಸುದ್ದಿ ಕಂಡು ದೆಹಲಿಯ ಒಬ್ಬ ಆ್ಯಪ್ ತಯಾರಕ `jiohotstar.com` ಕೊಂಡಿಟ್ಟಿದ್ದ. 2024ರ ಅಕ್ಟೋಬರ್‌ನಲ್ಲಿ, ತನ್ನ ಕೇಂಬ್ರಿಜ್ ಓದಿನ ಖರ್ಚು ಕೊಟ್ಟರೆ ಹೆಸರು ಕೊಡುತ್ತೇನೆ ಎಂದು ಆ ಪುಟದಲ್ಲೇ ಪತ್ರ ಹಾಕಿದ. ದೇಶವೆಲ್ಲ ಮಾತಾಡಿಕೊಂಡಿತು, ರಿಲಯನ್ಸ್ ಕೊಡಲಿಲ್ಲ. ಹೆಸರು ದುಬೈನ ಇಬ್ಬರು ಒಡಹುಟ್ಟಿದ ಮಕ್ಕಳ ಕೈಗೆ ಹೋಯಿತು, ಅವರು ದುಡ್ಡಿಲ್ಲದೆಯೇ ಕಂಪನಿಗೆ ಕೊಡುತ್ತೇವೆ ಎಂದರು. ಹೆಸರು ಊಹಿಸಿದ ಜಾಣತನಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ.

ನಮ್ಮಲ್ಲಿ ಈ ಕಾನೂನಿನ ಮುಖ್ಯ ತೀರ್ಪು ಹುಟ್ಟಿದ್ದು ಬೆಂಗಳೂರಿನ ಮೊಕದ್ದಮೆಯಿಂದ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಜೋಡಿಸಿ ‘ಸಿಫಿ’ ಎಂದು ಮಾಡಿಕೊಂಡು 1999ರಲ್ಲಿ `sifynet.com` ಮುಂತಾದ ಹೆಸರು ನೋಂದಾಯಿಸಿತ್ತು. ಆಮೇಲೆ ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ ಒಂದು `f` ಹೆಚ್ಚು ಹಾಕಿ `siffynet.com`, `siffynet.net` ತೆಗೆದುಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಇನ್ನೊಬ್ಬರ ಗುರುತನ್ನು ತನ್ನದೆಂದು ತೋರಿಸಿದರೆ ಅಂಗಡಿಯ ಬೋರ್ಡಿಗೆ ಅನ್ವಯಿಸುವ ನಿಯಮವೇ ಇಲ್ಲಿಗೂ ಎಂದಿತು.

`.com` ಹೆಸರಿನ ಜಗಳಕ್ಕೆ ಕೋರ್ಟಿಗೇ ಹೋಗಬೇಕೆಂದಿಲ್ಲ. 1999ರಲ್ಲಿ ಬಂದ ಅಂತರರಾಷ್ಟ್ರೀಯ ವಿವಾದ ನಿಯಮದಡಿ ದೂರುದಾರ ಮೂರು ಸಂಗತಿ ತೋರಿಸಬೇಕು: ಹೆಸರು ತನ್ನ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಇಟ್ಟುಕೊಂಡವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೊಂಡದ್ದೂ ಬಳಸಿದ್ದೂ ದುರುದ್ದೇಶದಿಂದ. `.in`ಗೂ ಅಂಥದ್ದೇ ನಿಯಮವಿದೆ. ಈ ನಿಯಮದ ಮೊದಲ ಪ್ರಕರಣದಲ್ಲೇ, ಕುಸ್ತಿ ಪ್ರದರ್ಶನದ ಕಂಪನಿಯ ಹೆಸರಾದ `worldwrestlingfederation.com` ಕೊಂಡವನು ಮೂರೇ ದಿನದಲ್ಲಿ ಅದೇ ಕಂಪನಿಗೆ ಸಾವಿರ ಡಾಲರ್‌ಗೆ ಮಾರುತ್ತೇನೆ ಎಂದು ಬರೆದಿದ್ದ. ಆ ಪತ್ರವೇ ದುರುದ್ದೇಶಕ್ಕೆ ಸಾಕ್ಷಿಯಾಯಿತು, 2000ದ ಜನವರಿಯಲ್ಲಿ ಹೆಸರು ಕೈಬಿಟ್ಟಿತು. ಸಾಮಾನ್ಯ ಪದಗಳ ಹೆಸರಿಟ್ಟುಕೊಂಡು ಮಾರುವುದು ತಪ್ಪಲ್ಲ. ಯಾರಿಗೆ ಮಾರಬೇಕೆಂದುಕೊಂಡಿದ್ದೀರೋ ಅವರ ಹೆಸರನ್ನೇ ಕೊಂಡು ಅವರ ಬಾಗಿಲು ತಟ್ಟುವುದು ತಪ್ಪು. ಕೊಳ್ಳುವ ಮುನ್ನ ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ಹತ್ತು ನಿಮಿಷ ಕಳೆದರೆ ಇದು ತಿಳಿಯುತ್ತದೆ. ಆ ಹುಡುಕಾಟ ಪುಕ್ಕಟೆ.

ಒಂದು ಮಾತು ನಮ್ಮ ಲಿಪಿಯ ಬಗ್ಗೆಯೂ ಹೇಳಬೇಕು. `.ಭಾರತ` ಎಂಬ ಕೊನೆಯೊಂದಿಗೆ ಪೂರ್ತಿ ಕನ್ನಡದಲ್ಲೇ ವಿಳಾಸ ನೋಂದಾಯಿಸಬಹುದು. ಯಂತ್ರದ ಒಳಗೆ ಆ ಕೊನೆ `xn--2scrj9c` ಎಂದು ಓಡಾಡುತ್ತದೆ. ಬಳಸುವುದಕ್ಕೆ ಕೊಳ್ಳಿ, ಸಂತೋಷ. ಮಾರುವುದಕ್ಕೆಂದು ಕೊಳ್ಳುವುದು ನನ್ನ ಮಟ್ಟಿಗೆ ವ್ಯರ್ಥ. ಕನ್ನಡ ಕಂಪನಿಗಳೇ ತಮ್ಮ ಗಾಡಿ, ಚೀಟಿ, ಬೋರ್ಡಿನ ಮೇಲೆ ಬರೆಸುವ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿದೆ.

ಇನ್ನು, ಕೊನೆಗೂ ಒಂದು ವಿಚಾರಣೆ ಬಂತು ಎನ್ನಿ. ಹೆಸರನ್ನು ಬ್ರೌಸರಿನಲ್ಲಿ ತೆರೆದರೆ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಪುಟ, ಬೆಲೆ, ಒಂದು ಅರ್ಜಿ ಕಾಣುವಂತೆ ಇಟ್ಟಿದ್ದರೆ ಮಾತ್ರ ಅದು ಬರುವುದು. ಒಡೆಯರ ವಿವರ ಈಗ ಸಾರ್ವಜನಿಕವಾಗಿ ಕಾಣುವುದಿಲ್ಲ. 2018ರ ಮೇ ತಿಂಗಳ ಯುರೋಪಿನ ಖಾಸಗಿತನದ ಕಾನೂನಿನ ನಂತರ ಅದೆಲ್ಲ ಮರೆಯಾಗಿದೆ. ವರ್ಷಗಟ್ಟಲೆ ಹೆಸರಿಟ್ಟುಕೊಂಡು ಈ ಪುಟವನ್ನೇ ಹಾಕದವರಿದ್ದಾರೆ. ಬೆಲೆ ಬರೆಯದೆ ‘ಕೇಳಿ’ ಎಂದು ಬಿಟ್ಟವರೂ ಇದ್ದಾರೆ. ಒಂದು ಲಕ್ಷವಿರಲಿ, ಎರಡು ಲಕ್ಷವಿರಲಿ, ಬೆಲೆ ಬರೆದಿಟ್ಟರೆ ನಾಚಿಕೆಯ ಗಿರಾಕಿಯೂ ರಾತ್ರಿ ಒಬ್ಬನೇ ಕುಳಿತು ತೀರ್ಮಾನ ಮಾಡಬಲ್ಲ.

ಮೊದಲು ಬರುವ ವಿಚಾರಣೆ ಹೆಚ್ಚಾಗಿ ಮೋಸದ್ದು. ಅದರ ಒಕ್ಕಣೆ ಎಲ್ಲರಿಗೂ ಒಂದೇ. ನಿಮ್ಮ ಹೆಸರು ನನಗೆ ಬೇಕು, ಎಂಟು ಸಾವಿರ ಡಾಲರ್ ಕೊಡಲು ಸಿದ್ಧ ಎಂದು ಶುರುವಾಗುತ್ತದೆ. ಎರಡು ಪತ್ರವಾದ ಮೇಲೆ, ಮೌಲ್ಯಮಾಪನದ ಪ್ರಮಾಣಪತ್ರ ಇದ್ದರೆ ನನ್ನ ಹೂಡಿಕೆದಾರರನ್ನು ಒಪ್ಪಿಸುವುದು ಸುಲಭ, ಯಂತ್ರ ಕೊಡುವ ಬೆಲೆಯನ್ನು ಅವರು ನಂಬುವುದಿಲ್ಲ, ಇಂಥ ಕಡೆ ಮಾಡಿಸಿ ಎಂದು ಒಂದು ಕೊಂಡಿ ಬರುತ್ತದೆ. ಅಲ್ಲಿ ಐವತ್ತೋ ನೂರೋ ಡಾಲರ್ ಶುಲ್ಕ. ಪ್ರಮಾಣಪತ್ರ ಕೊಡುವವನೂ ಗಿರಾಕಿಯೂ ಒಬ್ಬನೇ. ಶುಲ್ಕ ಕಟ್ಟಿದ ಮರುದಿನದಿಂದ ಉತ್ತರವಿಲ್ಲ. ಕೊಳ್ಳುವವನು ಚೌಕಾಸಿಯನ್ನೇ ಮಾಡದೆ ದೊಡ್ಡ ಮೊತ್ತ ಹೇಳಿದರೆ ಅನುಮಾನಪಡಬೇಕು.

ನಿಜವಾದ ಗಿರಾಕಿ ಅರ್ಧ ಬೆಲೆಯಿಂದ ಕೇಳಲು ಶುರುಮಾಡುತ್ತಾನೆ. ತಾನು ಯಾರೆಂದು ಹೇಳುವುದಿಲ್ಲ, ಕಾಲೇಜು ಪ್ರಾಜೆಕ್ಟಿಗೆ ಬೇಕು ಎಂದೂ ಅನ್ನಬಹುದು. ಬೆಲೆ ಕುದುರಿದ ಮೇಲೆ ನೇರವಾಗಿ ದುಡ್ಡು, ನೇರವಾಗಿ ಹೆಸರು ಎಂಬ ವಹಿವಾಟು ಬೇಡ. ಎಸ್ಕ್ರೋ ಸೇವೆಯಲ್ಲಿ ಕೊಳ್ಳುವವನು ಪೂರ್ತಿ ಹಣವನ್ನು ಮಧ್ಯಸ್ಥರ ಬಳಿ ಇಡುತ್ತಾನೆ. ಹಣ ಬಂದಿದೆ ಎಂದು ಮಧ್ಯಸ್ಥರ ತಾಣಕ್ಕೆ ನೀವೇ ಲಾಗಿನ್ ಆಗಿ ನೋಡಬೇಕು, ಇಮೇಲಿನಲ್ಲಿ ಬಂದ ಕೊಂಡಿ ಒತ್ತಿ ಅಲ್ಲ. ಆಮೇಲೆ ರಿಜಿಸ್ಟ್ರಾರ್ ಖಾತೆಯಲ್ಲಿ ಹೆಸರಿನ ಬೀಗ ತೆಗೆದು, ಅಲ್ಲಿ ಸಿಗುವ ವರ್ಗಾವಣೆ ಸಂಕೇತವನ್ನು ಗಿರಾಕಿಗೆ ಕೊಡುವುದು. ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಐದು ದಿನದವರೆಗೆ ಹಿಡಿಯಬಹುದು, ಒಂದೇ ರಿಜಿಸ್ಟ್ರಾರ್‌ನೊಳಗೆ ಖಾತೆಯಿಂದ ಖಾತೆಗೆ ತಳ್ಳುವುದಾದರೆ ಕೆಲವೇ ನಿಮಿಷ. ಗಿರಾಕಿ ಹೆಸರು ಸಿಕ್ಕಿತು ಎಂದು ಒಪ್ಪಿದ ಮೇಲೆ ಮಧ್ಯಸ್ಥರು ಹಣ ಬಿಡುತ್ತಾರೆ. ಹೊಸದಾಗಿ ಕೊಂಡ ಹೆಸರಾದರೆ ಮೊದಲ 60 ದಿನ ಇನ್ನೊಂದು ರಿಜಿಸ್ಟ್ರಾರ್‌ಗೆ ಕಳಿಸುವಂತಿಲ್ಲ. ಅಷ್ಟರೊಳಗೆ ಮಾರಾಟ ಕುದುರಿದರೆ, ನಿಮ್ಮ ರಿಜಿಸ್ಟ್ರಾರ್ ಬಳಿಯೇ ಒಂದು ಖಾತೆ ತೆರೆಯುವಂತೆ ಗಿರಾಕಿಯನ್ನು ಕೇಳಿಕೊಳ್ಳಬೇಕು.